ಪತ್ರವನ್ನು ಗಟ್ಟಿಯಾಗಿ ಓದುವಾಗ ಯಾರ ದನಿಯಲ್ಲಿ ಓದಬೇಕು?

ಪ್ರಶ್ನೆ: ಸಿಂಧನೂರು ತಾಲ್ಲೂಕಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕ್ಲರ್ಕ್ ಆಗಿದ್ದೇನೆ. ಕಂತು ಬಾಕಿ ಇರುವ ಸದಸ್ಯರಿಗೆ ಜ್ಞಾಪನ ಪತ್ರ ಬರೆಯುವುದು ನನ್ನ ಕೆಲಸ. ಹೋದ ತಿಂಗಳು ವಯಸ್ಸಾದ ಸದಸ್ಯರೊಬ್ಬರು ಪತ್ರ ಹಿಡಿದುಕೊಂಡು ಬಂದು, "ನಾನೇನು ಕಳ್ಳ ಏನವ್ವ? ಹಿಂಗ್ಯಾಕ ಬರೀತಿ?" ಎಂದು ಕೇಳಿ, ಅದನ್ನು ಮೇಜಿನ ಮೇಲಿಟ್ಟು ಹೋದರು. ಕಳಿಸುವ ಮೊದಲು ನಾನು ಅದನ್ನು ಗಟ್ಟಿಯಾಗಿ ಓದಿಯೇ ನೋಡಿದ್ದೆ, ಏನೂ ತಪ್ಪು ಕಾಣಿಸಲಿಲ್ಲ. ಗೆಳತಿ "ದಯವಿಟ್ಟು" ಹೆಚ್ಚು ಸೇರಿಸು ಎನ್ನುತ್ತಾಳೆ. ವ್ಯವಸ್ಥಾಪಕರು ಇನ್ನೂ ಮೆತ್ತಗೆ ಬರೆದರೆ ಯಾರೂ ಕಟ್ಟುವುದಿಲ್ಲ ಎನ್ನುತ್ತಾರೆ. ಪತ್ರದ ಪ್ರತಿಯನ್ನು ಲಗತ್ತಿಸಿದ್ದೇನೆ. ದನಿಯ ತಪ್ಪನ್ನು ಕಿವಿಯಿಂದ ಹಿಡಿಯುವುದು ಹೇಗೆ?

ಉತ್ತರ: ನಿಮ್ಮ ಕಿವಿಯಲ್ಲಿ ದೋಷವಿಲ್ಲ. ಆದರೆ ಪತ್ರವನ್ನು ನೀವು ನಿಮ್ಮ ದನಿಯಲ್ಲಿ ಓದಿದ್ದೀರಿ. ತೊಂದರೆ ಅಲ್ಲಿಂದ ಬಂದಿದೆ. ಬರೆದವರು ತಮ್ಮ ಕರಡನ್ನು ತಾವೇ ಓದುವಾಗ, ಬರೆಯುವ ಹೊತ್ತಿಗೆ ಮನಸ್ಸಿನಲ್ಲಿದ್ದ ಸದ್ಭಾವವೆಲ್ಲ ದನಿಗೆ ಬಂದು ಸೇರಿಕೊಳ್ಳುತ್ತದೆ. "ಬಾಕಿಯನ್ನು ಪಾವತಿಸಿ" ಎಂಬಲ್ಲಿ ನೀವು ಕೊನೆಯ ಅಕ್ಷರವನ್ನು ಸ್ವಲ್ಪ ಇಳಿಸಿ, ಕೇಳಿಕೊಳ್ಳುವ ಧಾಟಿಯಲ್ಲಿ ಓದಿರುತ್ತೀರಿ. ಕಾಗದದ ಮೇಲೆ ಆ ಧಾಟಿ ಇಲ್ಲ.

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರಿಗೆ ಈ ಕಷ್ಟ ಉಳಿದವರಿಗಿಂತ ಒಂದು ತೂಕ ಹೆಚ್ಚು ಎಂದು ನನಗೆ ಅನಿಸುತ್ತದೆ. ನಮ್ಮ ಆಡುಮಾತಿನಲ್ಲಿ ಮರ್ಯಾದೆಯ ಬಹುಪಾಲು ಭಾರವನ್ನು ಹೊರುವುದು ಮಾತಿನ ಕೊನೆಗೆ ಬರುವ "ರಿ". "ಕಟ್ಟಿಬಿಡ್ರಿ", "ಒಂದೀಟು ನೋಡ್ರಿ", "ನಾಳೆ ಬಂದು ಹೋಗ್ರಿ" ಎನ್ನುವಾಗ ಆ ಒಂದು ಅಕ್ಷರವೇ ಆಜ್ಞೆಯನ್ನು ಕೇಳಿಕೆಯಾಗಿ ಮಾಡಿಬಿಡುತ್ತದೆ. ಬರವಣಿಗೆಗೆ ಬಂದೊಡನೆ ಅದು ಉದುರಿಹೋಗುತ್ತದೆ, ಅದರ ಜಾಗಕ್ಕೆ ಕಚೇರಿಯ ಹಳೆಯ ಕಡತಗಳಿಂದ ಬಂದ "ತಕ್ಕದ್ದು", "ಸೂಚಿಸಲಾಗಿದೆ", "ತಪ್ಪಿದಲ್ಲಿ" ಬಂದು ಕೂರುತ್ತವೆ. ಬರೆದವರ ಕಿವಿಯಲ್ಲಿ ಮಾತ್ರ "ರಿ" ಇನ್ನೂ ಉಳಿದಿರುತ್ತದೆ. ಎದುರಿಗಿದ್ದರೆ ನೀವು ಆ ಹಿರಿಯರಿಗೆ ಏನು ಹೇಳುತ್ತಿದ್ದಿರೋ ಅದನ್ನೇ ಬರೆದಿದ್ದೇನೆಂದು ನೀವು ನಂಬಿದ್ದೀರಿ, ಅವರ ಕೈಗೆ ತಲುಪಿದ್ದು ಬೇರೆ ಮಾತು.

ಇನ್ನೊಂದು ಸಂಗತಿಯನ್ನು ಗಮನಿಸಿ. ಇಂಥ ಪತ್ರ ಹಳ್ಳಿಯಲ್ಲಿ ಅನೇಕ ವೇಳೆ ನಿಜವಾಗಿಯೂ ಗಟ್ಟಿಯಾಗಿಯೇ ಓದಲಾಗುತ್ತದೆ. ಕಣ್ಣು ಮಂಜಾದ ಹಿರಿಯರು ಅದನ್ನು ತಾವು ಓದಿಕೊಳ್ಳುವುದಿಲ್ಲ. ಶಾಲೆಗೆ ಹೋಗುವ ಮೊಮ್ಮಗನನ್ನೋ ಮೊಮ್ಮಗಳನ್ನೋ ಕರೆದು ಓದಿಸುತ್ತಾರೆ. ಮಗು ಪಾಠ ಓದಿದ ಹಾಗೆ, ಏರಿಳಿತವಿಲ್ಲದೆ, ಅಕ್ಷರಕ್ಕೆ ಅಕ್ಷರ ಒತ್ತಿ, ಪೂರ್ಣವಿರಾಮ ಬಂದಲ್ಲಿ ಮಾತ್ರ ನಿಂತು ಓದುತ್ತದೆ. ಕಟ್ಟೆಯ ಮೇಲೆ ಪಕ್ಕದ ಮನೆಯವರು ಕೂತಿರಬಹುದು, ಒಳಗೆ ಸೊಸೆ ಕೇಳಿಸಿಕೊಳ್ಳುತ್ತಿರಬಹುದು. ಆದ್ದರಿಂದ ನೀವು ಕರಡನ್ನು ಓದಿ ನೋಡಬೇಕಾದದ್ದು ಆ ಮಗುವಿನ ದನಿಯಲ್ಲಿ, ಆ ಕಟ್ಟೆಯ ಮುಂದೆ ಕೂತವರ ಕಿವಿಗೆ. ಮುಂದೆ ಹೇಳುವುದೆಲ್ಲ ಇದರ ವಿವರಣೆ.

ನೀವು ಕಳಿಸಿದ ಪತ್ರವನ್ನೇ ತೆಗೆದುಕೊಳ್ಳೋಣ. ಹೆಸರು ಮತ್ತು ಖಾತೆಯ ವಿವರಗಳನ್ನು ಬಿಟ್ಟು, ಅದು ಹೀಗಿದೆ:

"ವಿಷಯ: ಸುಸ್ತಿದಾರರಿಂದ ಸಾಲ ವಸೂಲಾತಿ ಕುರಿತು. ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಾವು ಸಂಘದಿಂದ ಪಡೆದ ಸಾಲದ ಎರಡು ಕಂತುಗಳನ್ನು ಈವರೆಗೂ ಪಾವತಿಸಿರುವುದಿಲ್ಲ. ಈಗಾಗಲೇ ಹಲವು ಬಾರಿ ಮೌಖಿಕವಾಗಿ ತಿಳಿಸಲಾಗಿದ್ದರೂ ಸಹ ತಾವು ಗಮನ ಹರಿಸಿರುವುದಿಲ್ಲ. ತಮ್ಮಂಥ ಹಿರಿಯ ಸದಸ್ಯರಿಂದ ಇದನ್ನು ನಿರೀಕ್ಷಿಸಿರಲಿಲ್ಲ. ದಯವಿಟ್ಟು ಈ ಪತ್ರ ತಲುಪಿದ ಕೂಡಲೇ ಬಾಕಿಯನ್ನು ಪಾವತಿಸತಕ್ಕದ್ದು. ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆಗಾರರಾಗಿರುತ್ತೀರಿ."

ವ್ಯಾಕರಣದಲ್ಲಿ ಇಲ್ಲಿ ತಪ್ಪಿಲ್ಲ, ಒಂದು ಬೈಗುಳವೂ ಇಲ್ಲ. ಆದ್ದರಿಂದಲೇ ಕಣ್ಣಿನಿಂದ ಓದಿದಾಗ, ಅಥವಾ ಬರೆದ ಬೆನ್ನಿಗೇ ಬಾಯಿಂದ ಓದಿದಾಗ, ಇದು ಸರಿಯಾಗಿಯೇ ಕಾಣುತ್ತದೆ. ಇದನ್ನು ಒಂದು ರಾತ್ರಿ ಬಿಟ್ಟು, ಸಾಧ್ಯವಾಗದಿದ್ದರೆ ಮಧ್ಯಾಹ್ನದ ಊಟ ಮುಗಿಸಿ ಬಂದ ಮೇಲಾದರೂ, ಮುದ್ರಿಸಿದ ಹಾಳೆಯಿಂದ, ಕೈಯಲ್ಲಿ ಪೆನ್ಸಿಲ್ ಹಿಡಿದು ಓದಿ. ಮೊದಲ ಸಲ ಓದುವಾಗ ಯಾವ ಭಾವವನ್ನೂ ತುಂಬಬೇಡಿ, ಏನನ್ನೂ ತಿದ್ದಲೂ ಬೇಡಿ. ಬಾಯಿ ಎಲ್ಲಿ ತಡವರಿಸಿತೋ, ದನಿ ಎಲ್ಲಿ ತಾನಾಗಿ ಗಡುಸಾಯಿತೋ ಅಲ್ಲಿ ಒಂದು ಗೀಟು ಹಾಕಿ ಮುಂದೆ ಹೋಗಿ. ತಿದ್ದುತ್ತ ಓದಿದರೆ ಕೇಳುವ ಕೆಲಸ ನಿಂತು, ಬರೆಯುವ ಕೆಲಸ ಶುರುವಾಗುತ್ತದೆ.

ಮೊದಲ ಗೀಟು ವಿಷಯದ ಸಾಲಿನಲ್ಲಿಯೇ ಬೀಳುತ್ತದೆ. "ಸುಸ್ತಿದಾರ" ಎಂಬುದು ಲೆಕ್ಕಪತ್ರದಲ್ಲಿ ಒಂದು ವರ್ಗದ ಹೆಸರು, ನಿಮಗೆ ಅದು ದಿನನಿತ್ಯದ ಪದ. ಕಟ್ಟೆಯ ಮೇಲೆ ಮಗು ಅದನ್ನು ಓದಿದಾಗ ಅದು ತಾತನ ಹೆಸರಿನ ಜಾಗಕ್ಕೆ ಬಂದು ಕೂರುತ್ತದೆ. ಸಾಲದ ಸ್ಥಿತಿಯನ್ನು ಹೇಳಲು ಹೊರಟ ಪತ್ರ ಮನುಷ್ಯನಿಗೆ ಪಟ್ಟಿ ಕಟ್ಟಿದೆ, ಅದೂ ನಮಸ್ಕಾರಕ್ಕಿಂತ ಮೊದಲು. "ಸಾಲದ ಎರಡು ಕಂತು ಬಾಕಿ ಇರುವ ಬಗ್ಗೆ" ಎಂದರೆ ಅದೇ ವಿಷಯ ತಿಳಿಯುತ್ತದೆ, ಪಟ್ಟಿ ಯಾರ ಹಣೆಗೂ ಅಂಟುವುದಿಲ್ಲ. ಆ ಹಿರಿಯರು "ನಾನೇನು ಕಳ್ಳ ಏನವ್ವ" ಎಂದು ಕೇಳಿದ್ದು ಬಹುಶಃ ಈ ಸಾಲಿಗೇ ಇರಬೇಕೆಂದು ನನ್ನ ಊಹೆ. ಇಡೀ ಪತ್ರದಲ್ಲಿ ವ್ಯಕ್ತಿಯನ್ನು ಒಂದು ಗುಂಪಿಗೆ ಸೇರಿಸುವ ಪದ ಅದೊಂದೇ.

ಎರಡನೆಯ ಗೀಟು "ಈಗಾಗಲೇ ಹಲವು ಬಾರಿ ಮೌಖಿಕವಾಗಿ ತಿಳಿಸಲಾಗಿದ್ದರೂ ಸಹ" ಎಂಬಲ್ಲಿ. ಇದನ್ನು ನಿಧಾನವಾಗಿ ಓದಿದರೆ ದನಿ ಮೂರು ಕಡೆ ಒತ್ತುತ್ತದೆ: "ಈಗಾಗಲೇ" ಎಂಬುದರ ಕೊನೆಯಲ್ಲಿ, "ದರೂ" ಎಂಬಲ್ಲಿ, ಮತ್ತೆ "ಸಹ" ಎಂಬಲ್ಲಿ. ಕನ್ನಡದಲ್ಲಿ ಅಸಮಾಧಾನ ದೊಡ್ಡ ಪದಗಳಲ್ಲಿ ಕೂರುವುದು ಕಡಿಮೆ; ಅದು ಇಂಥ ಸಣ್ಣ ಪ್ರತ್ಯಯ ಮತ್ತು ಅವ್ಯಯಗಳಲ್ಲಿ ಅಡಗಿರುತ್ತದೆ. "ನಿನ್ನೆ ಕಳಿಸಿದ್ದೆ" ಎಂಬುದು ಮಾಹಿತಿ, "ನಿನ್ನೆಯೇ ಕಳಿಸಿದ್ದೆ" ಎಂಬುದು ದೂರು. "ತಾವು ಹೊಣೆಗಾರರು" ಎಂಬುದಕ್ಕೂ "ತಾವೇ ಹೊಣೆಗಾರರು" ಎಂಬುದಕ್ಕೂ ಇರುವ ಅಂತರ ಒಂದು ಏಕಾರದ್ದು, ಆದರೆ ಎರಡನೆಯದರಲ್ಲಿ ಬೆರಳು ಎದುರಿನವರ ಎದೆಯ ಕಡೆ ತಿರುಗಿರುತ್ತದೆ. ಕಣ್ಣು ಇವನ್ನು ಜಾರಿಸಿಕೊಂಡು ಹೋಗುತ್ತದೆ. ಬಾಯಿಗೆ ಅವುಗಳ ಮೇಲೆ ಭಾರ ಹಾಕದೆ ದಾಟಲು ಆಗುವುದಿಲ್ಲ. ಗಟ್ಟಿಯಾಗಿ ಓದುವುದರ ಮುಖ್ಯ ಲಾಭ ನನ್ನ ಮಟ್ಟಿಗೆ ಇದೇ. ಹೀಗೆ ಒತ್ತು ಬಿದ್ದ ಪ್ರತಿಯೊಂದು ಏಕಾರವನ್ನೂ, "ಸಹ", "ಅಂತೂ", "ಮತ್ತೊಮ್ಮೆ", "ಇನ್ನಾದರೂ" ಎಂಬವನ್ನೂ ತೆಗೆದು ವಾಕ್ಯವನ್ನು ಮತ್ತೆ ಓದಿ. ಅರ್ಥ ಕೆಡದಿದ್ದರೆ ಅದು ಅಲ್ಲಿ ಸಿಟ್ಟಿನ ಕೆಲಸವನ್ನಷ್ಟೇ ಮಾಡುತ್ತಿತ್ತು ಎಂದು ತಿಳಿಯಿರಿ.

ಅದೇ ವಾಕ್ಯದ "ತಿಳಿಸಲಾಗಿದ್ದರೂ" ಎಂಬ ಕ್ರಿಯಾಪದದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಚೇರಿ ಬರವಣಿಗೆಯಲ್ಲಿ "ಲಾಗಿದೆ" ಎಂದು ಬರೆದರೆ ಗಂಭೀರವೂ ವಿನಯವೂ ಆಗುತ್ತದೆ ಎಂಬ ನಂಬಿಕೆ ಬಲವಾಗಿದೆ. ತಿಳಿಸಿದವರು ಯಾರು? ನೀವು, ಅಥವಾ ನಿಮ್ಮ ಸಿಪಾಯಿ. ನಿಮ್ಮ ಕೆಲಸವನ್ನು ನೀವು ಮರೆಮಾಡಿದ್ದೀರಿ. ಆದರೆ ಅದೇ ವಾಕ್ಯದ ಕೊನೆಯಲ್ಲಿ "ತಾವು ಗಮನ ಹರಿಸಿರುವುದಿಲ್ಲ" ಎಂದು ಅವರ ತಪ್ಪಿಗೆ ಮಾತ್ರ ಕರ್ತೃವನ್ನು ಎದ್ದು ಕಾಣುವಂತೆ ಇಟ್ಟಿದ್ದೀರಿ. ಕೇಳಿದವರಿಗೆ ಒಂದು ಕಡೆ ಮುಖವಿಲ್ಲದ ಕಚೇರಿ, ಇನ್ನೊಂದು ಕಡೆ ಒಂಟಿಯಾಗಿ ನಿಂತ ತಾವು ಎಂದು ಅನಿಸುವುದು ಸಹಜ. ತಣ್ಣಗೆ ಕೇಳಿಸುವುದೆಂದರೆ ಬಹುಮಟ್ಟಿಗೆ ಇದೇ. ಇದನ್ನು ತಿರುವಿ ಹಾಕಿ: ನಮ್ಮ ಕೆಲಸಕ್ಕೆ "ನಾವು" ಎಂದು ಬರೆಯುವುದು, ಅವರಿಂದ ಆಗದೆ ಉಳಿದದ್ದಕ್ಕೆ ಕರ್ತೃವನ್ನು ಬಿಡುವುದು. "ನಾವು ಡಿಸೆಂಬರ್‌ನಲ್ಲಿ ಫೋನ್ ಮಾಡಿದ್ದೆವು", "ಎರಡು ಕಂತುಗಳು ಇನ್ನೂ ಜಮಾ ಆಗಿಲ್ಲ." ಸತ್ಯ ಎರಡರಲ್ಲೂ ಒಂದೇ. ಹಾಗೆಂದು "ಲಾಗಿದೆ" ಎಂಬ ರೂಪವೇ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆಡಳಿತ ಮಂಡಳಿಯ ನಿರ್ಣಯವನ್ನು ತಿಳಿಸುವಾಗ ಅದು ಸರಿಯಾದ ರೂಪ. ಯಾರನ್ನು ಮರೆಮಾಡುತ್ತಿದೆ, ಯಾರನ್ನು ಬೆಳಕಿಗೆ ತಂದು ನಿಲ್ಲಿಸುತ್ತಿದೆ ಎಂಬುದನ್ನು ನೋಡಿಕೊಂಡು ಬಳಸಿ.

ಮೂರನೆಯ ಗೀಟು "ತಮ್ಮಂಥ ಹಿರಿಯ ಸದಸ್ಯರಿಂದ ಇದನ್ನು ನಿರೀಕ್ಷಿಸಿರಲಿಲ್ಲ" ಎಂಬುದಕ್ಕೆ. ನೀವು ಇದನ್ನು ಗೌರವದಿಂದ ಬರೆದಿದ್ದೀರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇಂಥ ವಾಕ್ಯಗಳಿಗೆ ನಾನು ಒಂದು ಪರೀಕ್ಷೆಯನ್ನು ಯಾವಾಗಲೂ ಮಾಡಿಸುತ್ತೇನೆ: ವಾಕ್ಯವನ್ನು ಒಮ್ಮೆ ಅಕ್ಕರೆಯಿಂದ, ಒಮ್ಮೆ ಚುಚ್ಚುವ ಹಾಗೆ, ಎರಡು ದನಿಯಲ್ಲಿ ಓದಿ. ಎರಡೂ ದನಿ ಅದಕ್ಕೆ ಸರಿಯಾಗಿ ಹೊಂದಿದರೆ ಆ ವಾಕ್ಯವನ್ನು ಕಳಿಸಬೇಡಿ, ಏಕೆಂದರೆ ಯಾವ ದನಿ ಎಂಬುದನ್ನು ಆರಿಸುವವರು ನೀವಲ್ಲ. ಬಾಕಿ ಉಳಿದಿದೆ ಎಂಬ ಸಂಕೋಚದಲ್ಲಿರುವ ಮನುಷ್ಯ ಚುಚ್ಚುವ ದನಿಯನ್ನೇ ಕೇಳಿಸಿಕೊಳ್ಳುತ್ತಾನೆ. "ತಾವು ಬಹುಶಃ ಮರೆತಿರಬೇಕು", "ತಮಗೆ ಬಿಡುವಿಲ್ಲವೆಂದು ತೋರುತ್ತದೆ", "ತಮ್ಮ ಅವಗಾಹನೆಗಾಗಿ ಮತ್ತೊಮ್ಮೆ" ಎಂಬ ವಾಕ್ಯಗಳೂ ಹೀಗೆಯೇ ಎರಡು ದನಿಯವು. ಮೆಲುದನಿಯ ಹೆಸರಿನಲ್ಲಿ ಬರುವ ಇವು ನೇರವಾದ ಬೈಗುಳಕ್ಕಿಂತ ಹೆಚ್ಚು ನೋಯಿಸುತ್ತವೆ. ಬೈದರೆ ಮರುಮಾತು ಆಡಬಹುದು, ಇವಕ್ಕೆ ಮರುಮಾತೂ ಇಲ್ಲ. ಇದಕ್ಕೆ ಪ್ರತಿಯಾಗಿ "ಎರಡೂ ಕಂತು ಸೇರಿ 9,600 ರೂಪಾಯಿ ಆಗುತ್ತದೆ" ಎಂಬುದನ್ನು ಚುಚ್ಚುವ ದನಿಯಲ್ಲಿ ಓದಲು ಪ್ರಯತ್ನಿಸಿ. ಓದಲು ಆಗುವುದಿಲ್ಲ. ವಾಕ್ಯದಲ್ಲಿ ಮನುಷ್ಯನ ಸ್ವಭಾವದ ಬಗ್ಗೆ ಊಹೆ ಇಲ್ಲದಿದ್ದರೆ ಕುಟುಕಿಗೆ ಜಾಗ ಸಿಗುವುದಿಲ್ಲ.

ಈಗ ನಿಮ್ಮ ಗೆಳತಿಯ ಸಲಹೆ. "ದಯವಿಟ್ಟು" ಒಳ್ಳೆಯ ಪದ, ಅದನ್ನು ಬಿಡಬೇಕಿಲ್ಲ. ಆದರೆ ಕನ್ನಡ ವಾಕ್ಯದ ದನಿಯನ್ನು ತೀರ್ಮಾನಿಸುವುದು ಕೊನೆಗೆ ಬರುವ ಕ್ರಿಯಾಪದ. "ದಯವಿಟ್ಟು ಕೂಡಲೇ ಪಾವತಿಸತಕ್ಕದ್ದು" ಎಂಬಲ್ಲಿ ಆರಂಭ ಕೈಮುಗಿಯುತ್ತದೆ, ಕೊನೆ ಕೈಯೆತ್ತುತ್ತದೆ. ಕೇಳಿದವರ ನೆನಪಿನಲ್ಲಿ ಉಳಿಯುವುದು ಕೊನೆ. "ತಕ್ಕದ್ದು" ನಿಯಮಾವಳಿಯ ಕ್ರಿಯಾಪದ, ಉಪವಿಧಿಗಳಲ್ಲಿ ಅದು ಸರಿ, ಒಬ್ಬ ವ್ಯಕ್ತಿಗೆ ಬರೆಯುವಾಗ ಅಲ್ಲ. "ಕಟ್ಟಬೇಕೆಂದು ಕೋರುತ್ತೇವೆ" ಎಂದರೆ "ದಯವಿಟ್ಟು" ಇಲ್ಲದೆಯೂ ವಿನಯ ಉಳಿಯುತ್ತದೆ. ಇನ್ನು ಒಂದೇ ಪತ್ರದಲ್ಲಿ ಮೂರು ನಾಲ್ಕು ಸಲ ಅದನ್ನು ಸೇರಿಸಿ ಗಟ್ಟಿಯಾಗಿ ಓದಿದರೆ, ತಾಳ್ಮೆ ಕಳೆದುಕೊಂಡವರು ಹಲ್ಲು ಕಚ್ಚಿ ಆಡುವ ಮಾತಿನಂತೆ ಅದು ಕೇಳಿಸುತ್ತದೆ. "ತಾವು" ಎಂಬುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹೊಗಳುವಾಗ, ಆಹ್ವಾನಿಸುವಾಗ ಅದು ಎತ್ತರಕ್ಕೇರಿಸುತ್ತದೆ. ದೂರುವಾಗ ಮಾತ್ರ ದೂರಕ್ಕೆ ತಳ್ಳುತ್ತದೆ. "ನೀವು" ಎಂದು ಬರೆದರೆ ನಮ್ಮ ಭಾಗದ ಯಾವ ಹಿರಿಯರಿಗೂ ಅವಮಾನವಾಗುವುದಿಲ್ಲ. ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸಬೇಡಿ, ಅಷ್ಟೇ.

ಎರಡನೆಯ ಸಲ ಓದುವ ಕ್ರಮ ಬೇರೆ. ಪ್ರತಿ ವಾಕ್ಯ ಓದಿದ ಮೇಲೆ ನಿಂತು, ಅದನ್ನು ಕೇಳಿದ ಸದಸ್ಯರ ಬಾಯಿಂದ ಬರಬಹುದಾದ ಉತ್ತರವನ್ನು ಅವರ ಮಾತಿನಲ್ಲಿಯೇ ಗಟ್ಟಿಯಾಗಿ ಹೇಳಿ. "ತಾವು ಗಮನ ಹರಿಸಿರುವುದಿಲ್ಲ" ಎಂದಾಗ "ಬಂದು ಹೇಳಿ ಹೋಗೀನಲ್ಲಬೇ, ನೆಲ್ಲಿನ ರೊಕ್ಕ ಇನ್ನಾ ಬಂದಿಲ್ಲಂತ" ಎಂಬ ಉತ್ತರ ಬರುತ್ತದೆ. "ಜನವರಿ 20ರೊಳಗೆ ಕಟ್ಟಬೇಕೆಂದು ಕೋರುತ್ತೇವೆ" ಎಂದಾಗ "ಆಯ್ತು, ಹದಿನೆಂಟಕ್ಕ ಬರ್ತೀನಿ" ಎಂದೋ, "ಇಪ್ಪತ್ತಕ್ಕ ಆಗಂಗಿಲ್ಲ" ಎಂದೋ ಬರುತ್ತದೆ. ಮೊದಲನೆಯದು ತನ್ನನ್ನು ಕಾಪಾಡಿಕೊಳ್ಳುವ ಮಾತು, ಎರಡನೆಯದು ವ್ಯವಹಾರದ ಮಾತು. ಉತ್ತರವೆಲ್ಲ ಸಮಜಾಯಿಷಿಯಾಗಿಯೇ ಬರುತ್ತಿದ್ದರೆ ನಿಮ್ಮ ವಾಕ್ಯ ಆರೋಪವಾಗಿದೆ ಎಂದು ಅರ್ಥ. ನಿಮ್ಮ ಪತ್ರದ ಐದು ವಾಕ್ಯಗಳಲ್ಲಿ ನಾಲ್ಕಕ್ಕೆ ಸಮಜಾಯಿಷಿಯ ಉತ್ತರವೇ ಬರುತ್ತದೆ. ಉಳಿದ ಒಂದು, "ಕೂಡಲೇ ಪಾವತಿಸತಕ್ಕದ್ದು" ಎಂಬುದಕ್ಕೆ, "ಎಷ್ಟು?" ಎಂಬ ಪ್ರಶ್ನೆ ಬರುತ್ತದೆ. ಇಡೀ ಪತ್ರದಲ್ಲಿ ಮೊತ್ತವೂ ಇಲ್ಲ, ತಾರೀಖೂ ಇಲ್ಲ ಎಂಬುದು ಆಗ ಕಿವಿಗೆ ಬೀಳುತ್ತದೆ.

ಇಲ್ಲಿಯೇ ನಿಮ್ಮ ವ್ಯವಸ್ಥಾಪಕರ ಮಾತಿಗೆ ಬರಬಹುದು. ಅವರ ಆತಂಕ ನಿಜವಾದದ್ದು. ಸಂಘ ನಡೆಯುವುದು ವಸೂಲಾತಿಯಿಂದ, ಒಬ್ಬರು ಕಟ್ಟದಿದ್ದರೆ ಮುಂದಿನವರಿಗೆ ಸಾಲ ಸಿಗುವುದಿಲ್ಲ. ಆದರೆ ಈಗಿನ ಪತ್ರ ಗಡುಸಾಗಿದೆಯೇ ಹೊರತು ಬಿಗಿಯಾಗಿಲ್ಲ. ಎಷ್ಟು, ಯಾವಾಗ, ಎಲ್ಲಿ, ಕಟ್ಟದಿದ್ದರೆ ಏನಾಗುತ್ತದೆ ಎಂಬ ನಾಲ್ಕರಲ್ಲಿ ಒಂದನ್ನೂ ಅದು ಹೇಳುವುದಿಲ್ಲ. "ಮುಂದಿನ ಪರಿಣಾಮಗಳು" ಎಂಬುದು ಕೇಳಿದವರನ್ನು ಹೆದರಿಸುತ್ತದೆ, ಏನನ್ನೂ ತಿಳಿಸುವುದಿಲ್ಲ. ಮನೆ ಜಪ್ತಿಯೋ, ಊರ ಮುಂದೆ ಹೆಸರು ಓದುವುದೋ, ಪೊಲೀಸರೋ ಎಂದು ಅವರು ತಮಗೆ ತೋಚಿದ್ದನ್ನು ತುಂಬಿಕೊಳ್ಳುತ್ತಾರೆ. "ಆ ದಿನ ದಾಟಿದರೆ ಸಾಲದ ಕರಾರಿನಂತೆ ಸುಸ್ತಿ ಬಡ್ಡಿ ಸೇರುತ್ತದೆ" ಎಂಬ ಸಾದಾ ವಾಕ್ಯ ಅದಕ್ಕಿಂತ ಬಿಗಿ, ಯಾರನ್ನೂ ಅವಮಾನಿಸುವುದೂ ಇಲ್ಲ. ಮೆತ್ತಗಾಗಬೇಕಾದದ್ದು ಮನುಷ್ಯನನ್ನು ಕುರಿತ ಮಾತು; ಹಣ ಮತ್ತು ತಾರೀಖನ್ನು ಕುರಿತ ಮಾತು ಇನ್ನೂ ಖಚಿತವಾಗಬೇಕು.

ಇಷ್ಟನ್ನೂ ಇಟ್ಟುಕೊಂಡು ನಿಮ್ಮ ಪತ್ರವನ್ನು ಹೀಗೆ ಬರೆಯಬಹುದು. ಮೊತ್ತ ಮತ್ತು ತಾರೀಖುಗಳು ಮಾದರಿಗೆ ಮಾತ್ರ:

"ವಿಷಯ: ಸಾಲದ ಎರಡು ಕಂತು ಬಾಕಿ ಇರುವ ಬಗ್ಗೆ. ಮಾನ್ಯರೇ, ನಮಸ್ಕಾರ. ನಿಮ್ಮ ಸಾಲದ ನವೆಂಬರ್ ಮತ್ತು ಡಿಸೆಂಬರ್ ತಿಂಗಳ ಕಂತುಗಳು ನಮ್ಮ ಲೆಕ್ಕದಲ್ಲಿ ಇನ್ನೂ ಜಮಾ ಆಗಿಲ್ಲ. ಎರಡೂ ಸೇರಿ 9,600 ರೂಪಾಯಿ ಆಗುತ್ತದೆ. ಈ ಹಣವನ್ನು ಜನವರಿ 20ರೊಳಗೆ ಸಂಘದ ಕಚೇರಿಯಲ್ಲಿ ಕಟ್ಟಬೇಕೆಂದು ಕೋರುತ್ತೇವೆ. ಆ ದಿನ ದಾಟಿದರೆ ಸಾಲದ ಕರಾರಿನಂತೆ ಸುಸ್ತಿ ಬಡ್ಡಿ ಸೇರುತ್ತದೆ. ಈ ನಡುವೆ ಕಟ್ಟಿದ್ದರೆ ರಸೀದಿ ತೋರಿಸಿ, ನಮ್ಮ ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತೇವೆ. ಒಂದೇ ಸಲಕ್ಕೆ ಕಟ್ಟುವುದು ಕಷ್ಟವಾದರೆ 20ನೇ ತಾರೀಖಿಗೆ ಮೊದಲು ಕಚೇರಿಗೆ ಬಂದು ಮಾತನಾಡಿ."

ಇದನ್ನೂ ಮಗುವಿನ ದನಿಯಲ್ಲಿ ಓದಿ ನೋಡಿ. ಯಾವ ವಾಕ್ಯವೂ ಒಂದು ಉಸಿರನ್ನು ದಾಟುವುದಿಲ್ಲ. ಇದಕ್ಕೆ ಕಾರಣವಿದೆ: ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಉದ್ದನೆಯ ವಾಕ್ಯದಲ್ಲಿ ಕೇಳುವವರು ಏನು ಮಾಡಬೇಕೆಂದು ತಿಳಿಯುವ ಮೊದಲೇ ಆರೋಪಗಳ ಸಾಲನ್ನು ದಾಟಿ ಬರಬೇಕಾಗುತ್ತದೆ. ಓದುವಾಗ ಉಸಿರು ಸಾಲದೆ ಹೋದ ಕಡೆ ವಾಕ್ಯವನ್ನು ಮುರಿಯಿರಿ. ಅನೇಕ ವೇಳೆ ದನಿ ಅಷ್ಟರಿಂದಲೇ ತಗ್ಗುತ್ತದೆ. ಸಿಂಧನೂರು, ಗಂಗಾವತಿ ಕಡೆಯ ಕ್ಯಾಂಪುಗಳಲ್ಲಿ ಮನೆಮಾತು ತೆಲುಗು ಆಗಿರುವ ಸದಸ್ಯರು ನಿಮ್ಮಲ್ಲಿಯೂ ಇರಬಹುದು. "ಪಾವತಿಸಿರುವುದಿಲ್ಲ" ಎಂಬಂಥ ರೂಪಗಳು ಕನ್ನಡ ಎರಡನೆಯ ಭಾಷೆಯಾದವರಿಗೆ ಇನ್ನಷ್ಟು ಗಡುಸಾಗಿ ಕೇಳಿಸುತ್ತವೆ, "ಜಮಾ ಆಗಿಲ್ಲ" ಎಂಬುದು ಎಲ್ಲರಿಗೂ ತಿಳಿಯುತ್ತದೆ.

ಈ ಮಾದರಿಯಲ್ಲಿ ಎಚ್ಚರದಿಂದ ಬಳಸಬೇಕಾದ ವಾಕ್ಯ ಕೊನೆಯದು. ಬಂದು ಮಾತನಾಡಿದರೆ ನಿಜವಾಗಿ ಏನಾದರೂ ಅನುಕೂಲ ಮಾಡಿಕೊಡಲು ನಿಮ್ಮ ಮಂಡಳಿ ಒಪ್ಪಿದ್ದರೆ ಮಾತ್ರ ಅದನ್ನು ಬರೆಯಿರಿ. ದನಿಯನ್ನು ಮೃದುಗೊಳಿಸಲೆಂದು ಇಲ್ಲದ ಅವಕಾಶವನ್ನು ಸೂಚಿಸಿದರೆ, ಬಿಸಿಲಲ್ಲಿ ಬಂದು ಬರಿಗೈಯಲ್ಲಿ ಹಿಂದಿರುಗಿದವರು ಮುಂದಿನ ಪತ್ರವನ್ನು ಯಾವ ದನಿಯಲ್ಲಿ ಬರೆದರೂ ನಂಬುವುದಿಲ್ಲ.

ನೀವೇ ಓದುವುದರ ಜೊತೆಗೆ ಇನ್ನೊಬ್ಬರಿಂದ ಓದಿಸಿ ಕೇಳುವುದು ಎಲ್ಲಕ್ಕಿಂತ ಖಚಿತವಾದ ದಾರಿ. ಪತ್ರದ ಹಿನ್ನೆಲೆ ಗೊತ್ತಿಲ್ಲದ ಸಹೋದ್ಯೋಗಿಯ ಕೈಗೆ ಹಾಳೆ ಕೊಟ್ಟು, ಮೊದಲು ಮನಸ್ಸಿನಲ್ಲಿ ಓದಿಕೊಳ್ಳಲು ಬಿಡದೆ, ನೇರವಾಗಿ ಗಟ್ಟಿಯಾಗಿ ಓದಲು ಹೇಳಿ. ನೀವು ಹಾಳೆಯನ್ನು ನೋಡದೆ ಕೇಳಿ. ಅವರು ಅಡೆತಡೆಯಿಲ್ಲದೆ ಓದಿದರೂ ನಿಮಗೆ "ಅದು ಹಾಗಲ್ಲ, ಸ್ವಲ್ಪ ಮೆಲ್ಲಗೆ ಓದಬೇಕು" ಎಂದು ಹೇಳಬೇಕೆನಿಸಿದ ಜಾಗವೇ ತಿದ್ದಬೇಕಾದ ಜಾಗ. ಆ ಮೆಲುದನಿ ನಿಮ್ಮ ಮನಸ್ಸಿನಲ್ಲಿದೆ, ಹಾಳೆಯಲ್ಲಿಲ್ಲ. ಇದರಲ್ಲಿ ಒಂದು ಅಪಾಯವಿದೆ: ಸದಸ್ಯರ ಬಾಕಿ ಅವರ ಖಾಸಗಿ ವಿಷಯ. ಹೆಸರು, ಊರು, ಖಾತೆ ಸಂಖ್ಯೆ, ಮೊತ್ತ ಎಲ್ಲವನ್ನೂ ಖಾಲಿ ಬಿಟ್ಟ ಪ್ರತಿಯನ್ನೇ ಓದಿಸಿ, ಕಚೇರಿಯ ಮುಂಭಾಗದಲ್ಲಿ ಸದಸ್ಯರು ಕೂತಿರುವಾಗ ಓದಿಸಬೇಡಿ. ಹಾಗೆ ಓದಲು ಯಾರೂ ಸಿಗದಿದ್ದರೆ ಫೋನಿನಲ್ಲಿ ನಿಮ್ಮ ಓದನ್ನೇ ಧ್ವನಿಮುದ್ರಿಸಿಕೊಂಡು ಮರುದಿನ ಕೇಳಬಹುದು. ಅದು ಇಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ, ಏಕೆಂದರೆ ನಿಮ್ಮ ಸದ್ಭಾವ ಆ ಧ್ವನಿಮುದ್ರಣದಲ್ಲಿಯೂ ಇರುತ್ತದೆ. ಆದರೂ ಒತ್ತು ಬಿದ್ದ ಏಕಾರಗಳು ಕೇಳಿಸುತ್ತವೆ.

ಕೆಲವರು ಆಡುಮಾತಿನಲ್ಲಿಯೇ ಪತ್ರ ಬರೆದರೆ ಹೇಗೆ ಎಂದು ಕೇಳುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಒಬ್ಬರಿಗೆ ಕಳಿಸುವ ಒಂದೆರಡು ಸಾಲಿಗೆ "ಕಟ್ರಿ", "ಬರ್ರಿ" ಎಂಬುದು ಹೊಂದುತ್ತದೆ, ಅಲ್ಲಿ ಅದನ್ನು ಬಳಸಲು ಹಿಂಜರಿಯಬೇಡಿ. ಸಂಘದ ಮುದ್ರೆ ಇರುವ ಕಾಗದದಲ್ಲಿ ಮಾತ್ರ ಬೇಡ. ಕೆಲವರಿಗೆ ಅದು ಸಲಿಗೆಯಾಗಿ, ಕೆಲವರಿಗೆ ಪತ್ರದ ತೂಕ ಕಳೆದಂತೆ ಕಾಣುತ್ತದೆ, ಲೆಕ್ಕ ತಪಾಸಣೆಗೆ ಬಂದವರ ಮುಂದೆಯೂ ಆ ಪ್ರತಿ ಹೋಗುತ್ತದೆ. ಓದುವಾಗ ನಾಲಿಗೆ ತಾನಾಗಿ "ರಿ" ಸೇರಿಸಲು ಹೊರಟ ಜಾಗವನ್ನು ಗುರುತಿಸಿಕೊಂಡು, ಅಲ್ಲಿ ಬರಹದ ಕನ್ನಡದ "ಕೋರುತ್ತೇವೆ", "ವಿನಂತಿ", "ಸಾಧ್ಯವಾದರೆ" ಎಂಬವುಗಳಲ್ಲಿ ಹೊಂದುವುದನ್ನು ಇಡಿ. ತಾರೀಖು ಕಡ್ಡಾಯವಾಗಿದ್ದಲ್ಲಿ "ಸಾಧ್ಯವಾದರೆ" ಬರಬಾರದು. ಅಲ್ಲಿ ಅದು ವಿನಯವಾಗುವುದಿಲ್ಲ, ತಪ್ಪು ಮಾಹಿತಿಯಾಗುತ್ತದೆ, ಸದಸ್ಯರು ಅದನ್ನು ನಂಬಿ ಸುಸ್ತಿ ಬಡ್ಡಿ ತೆರುತ್ತಾರೆ.

ಇದೆಲ್ಲ ಜ್ಞಾಪನ ಪತ್ರಕ್ಕೆ ಮಾತ್ರ. ವಿಷಯ ಮುಂದುವರಿದು ಕಾನೂನಿನ ನೋಟಿಸಿನ ಹಂತಕ್ಕೆ ಹೋದರೆ ಅಲ್ಲಿ ಪದಗಳನ್ನು ನೀವಾಗಿ ಬದಲಾಯಿಸಬೇಡಿ. ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರ 70ನೇ ಪ್ರಕರಣದಡಿ ವಿವಾದ ಹೂಡುವ ಸಂದರ್ಭ ಬಂದಾಗ, ಅಥವಾ ನಿಮ್ಮದು ಸೌಹಾರ್ದ ಸಹಕಾರಿಯಾಗಿದ್ದರೆ 1997ರ ಸೌಹಾರ್ದ ಅಧಿನಿಯಮದಡಿ ಕ್ರಮಕ್ಕೆ ಹೋಗುವಾಗ, ನೋಟಿಸಿನ ಒಂದೊಂದು ಪದಕ್ಕೂ ಮುಂದೆ ಅರ್ಥ ಕೇಳಲಾಗುತ್ತದೆ; ಅದನ್ನು ವಕೀಲರೇ ಬರೆಯಲಿ. ತೊಂದರೆ ಆಗಿರುವುದು ಏನೆಂದರೆ, ಅಂಥ ನೋಟಿಸಿನ ಭಾಷೆ ಕ್ರಮೇಣ ಮೊದಲ ಜ್ಞಾಪನ ಪತ್ರಕ್ಕೂ ಇಳಿದು ಬಂದಿದೆ. ಹಳೆಯ ಕಡತದ ಪ್ರತಿಯನ್ನು ನೋಡಿ ಹೊಸದನ್ನು ಬರೆಯುವ ಪದ್ಧತಿಯಿಂದ ಇದು ಆಗುತ್ತದೆ, ಯಾರೊಬ್ಬರ ತಪ್ಪೂ ಅಲ್ಲ. ಮೊದಲ ಪತ್ರದಲ್ಲಿಯೇ "ಹೊಣೆಗಾರರಾಗಿರುತ್ತೀರಿ" ಎಂದು ಬರೆದುಬಿಟ್ಟರೆ ಮೂರನೆಯ ಪತ್ರದಲ್ಲಿ ಹೇಳಲು ಏನೂ ಉಳಿಯುವುದಿಲ್ಲ ಎಂಬುದನ್ನು ವ್ಯವಸ್ಥಾಪಕರಿಗೆ ತಿಳಿಸಿ ನೋಡಿ. ಹಂತ ಹಂತವಾಗಿ ಬಿಗಿಯಾಗುವ ಮೂರು ಮಾದರಿಗಳನ್ನು ಒಮ್ಮೆ ಸಿದ್ಧಪಡಿಸಿ ಮಂಡಳಿಯ ಒಪ್ಪಿಗೆ ಪಡೆದಿಟ್ಟುಕೊಂಡರೆ ಪ್ರತಿ ಸಲವೂ ನೀವು ಒಬ್ಬರೇ ಈ ಭಾರ ಹೊರಬೇಕಾಗುವುದಿಲ್ಲ.

ಎಷ್ಟು ಚೆನ್ನಾಗಿ ಓದಿ ನೋಡಿದರೂ ಕಿವಿಗೆ ಸಿಗದ ತಪ್ಪುಗಳಿವೆ. ಹಿಂದಿನ ದಿನವೇ ಹಣ ಕಟ್ಟಿದವರಿಗೆ ಹೋದ ಜ್ಞಾಪನ ಪತ್ರ ಎಷ್ಟು ಮೃದುವಾಗಿದ್ದರೂ ಅವಮಾನವಾಗಿಯೇ ಕೇಳಿಸುತ್ತದೆ. ಆದ್ದರಿಂದ ಕಳಿಸುವ ದಿನ ಬೆಳಿಗ್ಗೆ ಜಮಾ ಪುಸ್ತಕವನ್ನು ಮತ್ತೊಮ್ಮೆ ನೋಡಬೇಕು. ಮನೆಯಲ್ಲಿ ಸಾವಾಗಿರುವುದು, ಭತ್ತ ಇನ್ನೂ ಕಣದಲ್ಲಿರುವುದು ಪತ್ರದ ಹಾಳೆಯಲ್ಲಿ ಕಾಣುವುದಿಲ್ಲ. ಅದನ್ನು ಊರಿಗೆ ಹೋಗಿಬರುವ ಸಿಪಾಯಿಯನ್ನು ಕೇಳಿಯೇ ತಿಳಿಯಬೇಕು. ಪತ್ರವನ್ನು ಮಡಿಸಿ ಲಕೋಟೆಯಲ್ಲಿ ಅಂಟಿಸಿ ಕಳಿಸಿ, ಬಿಡಿ ಹಾಳೆಯಾಗಿ ಯಾರ ಕೈಯಲ್ಲೋ ಕೊಟ್ಟು ಕಳಿಸಬೇಡಿ.

ಆ ಹಿರಿಯರ ವಿಷಯದಲ್ಲಿ ನಿಮ್ಮ ಮುಂದೆ ಎರಡು ದಾರಿಗಳಿವೆ. ಹೊಸ ಮಾದರಿಯಲ್ಲಿ ಇನ್ನೊಂದು ಪತ್ರ ಕಳಿಸಬಹುದು. ಆದರೆ ಮೊದಲ ಪತ್ರದ ನೋವು ಇನ್ನೂ ಆರದಿರುವಾಗ ಎರಡನೆಯ ಕಾಗದವನ್ನು ಕಂಡೊಡನೆಯೇ ಅವರು ಹಳೆಯ ದನಿಯಲ್ಲಿ ಓದಿಸಿಕೊಳ್ಳುವ ಸಾಧ್ಯತೆ ಹೆಚ್ಚು. ವ್ಯವಸ್ಥಾಪಕರ ಅನುಮತಿ ಪಡೆದು ಫೋನ್ ಮಾಡುವುದು ಇಲ್ಲಿ ಮೇಲು ಎಂದು ನನ್ನ ಅಭಿಪ್ರಾಯ. ಪತ್ರದ ಮಾತು ಬಿರುಸಾಗಿತ್ತು, ನಿಮ್ಮನ್ನು ನೋಯಿಸುವ ಉದ್ದೇಶ ನಮಗಿರಲಿಲ್ಲ ಎಂದು ಒಂದೇ ಸಲ ಹೇಳಿ, ವಿವರಣೆಗೆ ಹೋಗದೆ, ಎಷ್ಟು ಬಾಕಿ ಮತ್ತು ಯಾವ ದಿನದೊಳಗೆ ಎಂಬುದನ್ನು ಅದೇ ಮಾತಿನಲ್ಲಿ ತಿಳಿಸಿ. ಅವರು ಒಂದು ದಿನ ಹೇಳಿದರೆ ಅದನ್ನು ಖಾತೆಯ ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಪತ್ರ ಕಳಿಸಬೇಕಾಗಿ ಬಂದರೆ "ನೀವು ಫೋನಿನಲ್ಲಿ ತಿಳಿಸಿದಂತೆ" ಎಂದು ಆ ದಿನದಿಂದಲೇ ಶುರುಮಾಡಬಹುದು.